ಚಿಕ್ಕಮ್ಮನ ಡೈರಿ ಅಚ್ಚಿಗೆ ಕೊಡಬಹುದೇ?

ಪ್ರಶ್ನೆ: ನನ್ನ ಚಿಕ್ಕಮ್ಮ, ಅಂದರೆ ಅಮ್ಮನ ತಂಗಿ, ಮುಂಬಯಿಯ ಒಂದು ಮುನ್ಸಿಪಲ್ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದರು. ಮಕ್ಕಳಿಲ್ಲ. ಚಿಕ್ಕಪ್ಪ ಮೊದಲೇ ತೀರಿಕೊಂಡಿದ್ದರು. 2016ರಲ್ಲಿ ತಮ್ಮ ಟ್ರಂಕನ್ನು ನನ್ನ ಕೈಗೆ ಕೊಟ್ಟು ‘ನಿನ್ನ ಹತ್ತಿರ ಇರಲಿ’ ಅಂದರು. 2019ರಲ್ಲಿ ಹೋದರು. ಒಳಗೆ 1958ರಿಂದ 1986ರವರೆಗಿನ 14 ಡೈರಿಗಳಿವೆ, ಊರಿನ ಗೆಳತಿಯೊಬ್ಬರು ಬರೆದ ಇನ್‌ಲ್ಯಾಂಡ್ ಪತ್ರಗಳ ಕಟ್ಟೊಂದಿದೆ. ಮೂರು ಡೈರಿ ಟೈಪ್ ಮಾಡಿದ್ದೇನೆ. ಗಂಡನ ಮನೆಯವರ ಕಾಟ, ಚಾಳಿನ ಹೆಂಗಸರ ಕಷ್ಟ, ಆಸ್ಪತ್ರೆಗೆ ಬಂದವರ ಹೆಸರು, ಎಲ್ಲ ಇದೆ. ನಮ್ಮ ಸಂಘದವರು ಪುಸ್ತಕ ಮಾಡೋಣ ಅನ್ನುತ್ತಾರೆ. ಅಣ್ಣ ಸುಟ್ಟುಬಿಡು ಅನ್ನುತ್ತಾನೆ. 1963ರ ಡೈರಿಯ ಮೊದಲ ಪುಟದಲ್ಲಿ ಚಿಕ್ಕಮ್ಮನೇ ‘ಇದನ್ನು ಯಾರೂ ಓದಕೂಡದು’ ಎಂದು ಬರೆದಿದ್ದಾರೆ. ಹೆಸರು ಬದಲಿಸಿ ಹಾಕಿದರೆ ಸಾಲದೇ? (ಓದುಗರು, ಡೊಂಬಿವಲಿ)

ಉತ್ತರ: ಸಾಲದು. ಹೆಸರು ಬದಲಿಸುವುದು ಎಲ್ಲರಿಗೂ ಮೊದಲು ಹೊಳೆಯುವ ಉಪಾಯ, ಕೈಕೊಡುವುದೂ ಅದೇ. ಯಾಕೆಂದು ಆಮೇಲೆ ಹೇಳುತ್ತೇನೆ. ಅದಕ್ಕೂ ಮುಂಚೆ ಆ ಬರಹ ಯಾರದ್ದು ಎಂದು ನೋಡಬೇಕು. ಸಂಘದವರಾಗಲಿ ನಿಮ್ಮ ಅಣ್ಣನಾಗಲಿ, ಇಬ್ಬರೂ ಅದು ನಿಮ್ಮದೇ ಎಂದುಕೊಂಡು ಮಾತಾಡುತ್ತಿರುವ ಹಾಗೆ ಕಾಣುತ್ತದೆ.

ಟ್ರಂಕು ನಿಮ್ಮದು, ಸಂಶಯವಿಲ್ಲ. ಕೈಯಾರೆ ಎತ್ತಿಕೊಟ್ಟ ಚರ ವಸ್ತು ದಾನವಾಗಿ ನಿಲ್ಲುತ್ತದೆ, ಅದಕ್ಕೆ ಪತ್ರ ಬೇಕಿಲ್ಲ. ಆದರೆ ನಿಮಗೆ ಬಂದದ್ದು ಕಾಗದ ಮಾತ್ರ. ಕಾಗದದ ಮೇಲಿನ ಬರಹವನ್ನು ಅಚ್ಚು ಹಾಕುವ ಹಕ್ಕು, ಅಂದರೆ ಕಾಪಿರೈಟ್, ಬೇರೆಯೇ ಆಸ್ತಿ. ಅದನ್ನು ಬದುಕಿದ್ದಾಗ ಕೊಡಬೇಕಾದರೆ ಬರವಣಿಗೆಯಲ್ಲಿ ಕೊಡಬೇಕು. ಚಿಕ್ಕಮ್ಮ ಒಂದು ವಿಲ್ ಮಾಡಿ ‘ನನ್ನ ಡೈರಿಗಳು ಇವಳಿಗೆ’ ಎಂದು ಒಂದೇ ಸಾಲು ಬರೆದಿದ್ದರೂ ಸಾಕಿತ್ತು. 1957ರ ಕಾಪಿರೈಟ್ ಕಾಯ್ದೆಯ 20ನೇ ಸೆಕ್ಷನ್ ಪ್ರಕಾರ, ಅಚ್ಚಾಗದ ಹಸ್ತಪ್ರತಿಯನ್ನು ವಿಲ್ ಮೂಲಕ ಕೊಟ್ಟರೆ, ಬೇರೆ ಏನೂ ಹೇಳದಿದ್ದ ಪಕ್ಷದಲ್ಲಿ ಕಾಪಿರೈಟ್ ಕೂಡ ಅದರ ಜೊತೆಗೇ ಹೋಗುತ್ತದೆ. ಬಾಯಿಮಾತಿನ ‘ನಿನ್ನ ಹತ್ತಿರ ಇರಲಿ’ಗೆ ಅಷ್ಟು ದೂರ ಹೋಗುವ ಶಕ್ತಿ ಇಲ್ಲ.

ಹಾಗಾದರೆ ಹಕ್ಕು ಯಾರಿಗೆ ಹೋಯಿತು? ಇಲ್ಲಿ ಕಾನೂನು ನಿಮ್ಮನ್ನು ನಗಿಸಬಹುದು, ಅಳಿಸಲೂಬಹುದು. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯ 15ನೇ ಸೆಕ್ಷನ್ ಪ್ರಕಾರ, ವಿಲ್ ಇಲ್ಲದೆ, ಮಕ್ಕಳಿಲ್ಲದೆ ತೀರಿಕೊಂಡ ವಿಧವೆಯ ಸ್ವಂತ ಆಸ್ತಿ ಮೊದಲು ಹೋಗುವುದು ಗಂಡನ ವಾರಸುದಾರರಿಗೆ. ತವರಿನ ಸರದಿ ಅವರ ನಂತರ. ಅಂದರೆ ಚಿಕ್ಕಮ್ಮ ಯಾರ ಕಾಟವನ್ನು ರಾತ್ರಿ ಕೂತು ಬರೆದುಕೊಂಡರೋ ಆ ಮನೆಯ ಮಕ್ಕಳೇ ಇಂದು ಆ ಬರಹದ ಒಡೆಯರು. ಅವರ ಸಹಿ ಇಲ್ಲದೆ ಸಂಘ ಪುಸ್ತಕ ತಂದರೆ ತಡೆಯಾಜ್ಞೆ ತರುವ ದಾರಿ ಅವರಿಗೆ ತೆರೆದಿರುತ್ತದೆ. ‘ಹಳೆಯದಲ್ಲವೇ, ಅವಧಿ ಮುಗಿದಿರುತ್ತದೆ’ ಎಂದು ಯಾರಾದರೂ ಸಮಾಧಾನ ಹೇಳಿದರೆ ನಂಬಬೇಡಿ. ಲೇಖಕರು ಬದುಕಿದ್ದಾಗ ಅಚ್ಚಾಗದ ಬರಹಕ್ಕೆ 60 ವರ್ಷದ ಲೆಕ್ಕ ಶುರುವಾಗುವುದು ಅದು ಮೊದಲ ಸಲ ಅಚ್ಚಾದ ಮೇಲೆ. ಟ್ರಂಕಿನಲ್ಲಿ ಮಲಗಿರುವಷ್ಟು ದಿನ ಆ ಗಡಿಯಾರ ಓಡುವುದೇ ಇಲ್ಲ.

ಗೆಳತಿಯ ಪತ್ರಗಳದ್ದು ಇನ್ನೊಂದು ದಾರಿ. ಪತ್ರ ಬಂದವರಿಗೆ ಕಾಗದ ಸೇರುತ್ತದೆ, ಅಕ್ಷರದ ಹಕ್ಕು ಬರೆದವರಲ್ಲೇ ಉಳಿಯುತ್ತದೆ. ಇಂಗ್ಲೆಂಡಿನಲ್ಲಿ 1741ರಷ್ಟು ಹಿಂದೆಯೇ, ಕವಿ ಅಲೆಕ್ಸಾಂಡರ್ ಪೋಪ್ ತನ್ನ ಪತ್ರಗಳನ್ನು ಅಚ್ಚು ಹಾಕಿದ ಪ್ರಕಾಶಕನ ಮೇಲೆ ಹೂಡಿದ ಮೊಕದ್ದಮೆಯಲ್ಲಿ ಈ ಮಾತು ತೀರ್ಮಾನವಾಯಿತು. ಹಾಗಾಗಿ ಆ ಕಟ್ಟಿನ ಬಗ್ಗೆ ಗಂಡನ ಮನೆಯವರನ್ನು ಕೇಳಿ ಉಪಯೋಗವಿಲ್ಲ. ಗೆಳತಿಯನ್ನು ಕೇಳಬೇಕು, ಅವರಿಲ್ಲದಿದ್ದರೆ ಅವರ ಮಕ್ಕಳನ್ನು.

ಇಷ್ಟು ಕಾನೂನಾಯಿತು. ವಾರಸುದಾರರ ಸಹಿ ಸಿಕ್ಕಿತೆಂದರೆ ಚಿಕ್ಕಮ್ಮನ ಒಪ್ಪಿಗೆ ಸಿಕ್ಕಿತೆಂದು ಅರ್ಥವಲ್ಲ. ಪುಣೆಯಲ್ಲೋ ವಾಶಿಯಲ್ಲೋ ಇರುವ ಭಾವನ ಮಗನಿಗೆ ಆ ಡೈರಿಯ ಒಂದು ಪುಟವೂ ಗೊತ್ತಿರದೆ ಸಹಿ ಹಾಕಬಹುದು, ತನ್ನ ಅಮ್ಮನ ಮಾತು ಬಂದಿದೆ ಎಂಬ ಒಂದೇ ಕಾರಣಕ್ಕೆ ಹಾಕದೆಯೂ ಇರಬಹುದು. ಎರಡೂ ಚಿಕ್ಕಮ್ಮನ ಮನಸ್ಸಿನ ಬಗ್ಗೆ ಏನನ್ನೂ ಹೇಳುವುದಿಲ್ಲ.

ಆ ಮನಸ್ಸನ್ನು ಓದಲು ನಮ್ಮ ಹತ್ತಿರ ಇರುವುದು ಗುರುತುಗಳು ಮಾತ್ರ. ‘ಯಾರೂ ಓದಕೂಡದು’ ಎಂಬ ಸಾಲನ್ನು ನಾನು ಹಗುರವಾಗಿ ದಾಟುವುದಿಲ್ಲ, ಆದರೆ ಕೇಳುತ್ತೇನೆ: ಆ ‘ಯಾರೂ’ ಯಾರು? 1963ರಲ್ಲಿ ಚಾಳಿನ ಒಂದು ಖೋಲಿಯಲ್ಲಿ ಅತ್ತೆ, ನಾದಿನಿ, ಮೈದುನ ಎಲ್ಲರ ಜೊತೆ ಇದ್ದ ಹೆಂಗಸಿಗೆ ಡೈರಿ ಬಚ್ಚಿಡಲು ಅಕ್ಕಿ ಡಬ್ಬಿಯ ಹಿಂದೆ ಬಿಟ್ಟರೆ ಜಾಗವಿರಲಿಲ್ಲ. ಆ ಸಾಲು ಅದೇ ಖೋಲಿಯ ಜನಕ್ಕೆ ಬರೆದದ್ದಿರಬಹುದು. ಉಳಿದ 13 ಡೈರಿಗಳಲ್ಲಿ ಅಂಥ ಸಾಲು ಇದೆಯೇ ನೋಡಿ. ಬೇರೆ ಮನೆಗೆ ಹೋದ ಮೇಲೆ ಅದು ನಿಂತುಹೋಗಿದ್ದರೆ ಒಂದು ಅರ್ಥ, 1986ರವರೆಗೂ ಬರುತ್ತಿದ್ದರೆ ಬೇರೆ ಅರ್ಥ. ಪುಟ ಹರಿದದ್ದು, ಇಂಕಿನಿಂದ ಹೊಡೆದುಹಾಕಿದ್ದು ಇವೆಯೇ? ಹೊಡೆದುಹಾಕಿದ ಮಸಿ ಆಗಿನದೋ, ವರ್ಷಗಳ ನಂತರದ ಬಾಲ್‌ಪೆನ್ನಿನದೋ? ವಯಸ್ಸಾದ ಮೇಲೆ ಕೂತು ಕೆಲವನ್ನು ಅಳಿಸಿ ಉಳಿದದ್ದನ್ನು ಬಿಟ್ಟಿದ್ದರೆ, ಅಳಿಸದೆ ಬಿಟ್ಟದ್ದರ ಬಗ್ಗೆ ಅವರು ಯೋಚಿಸಿದ್ದರು ಎಂದಾಗುತ್ತದೆ. ನನಗೆ ಗೊತ್ತಿರುವ ಅತಿ ಸ್ಪಷ್ಟ ಗುರುತು ಆ್ಯನ್ ಫ್ರಾಂಕ್‌ಳದು. ಯುದ್ಧ ಮುಗಿದ ಮೇಲೆ ಜನರ ಡೈರಿ, ಪತ್ರಗಳನ್ನು ಸಂಗ್ರಹಿಸುತ್ತೇವೆ ಎಂದು ಡಚ್ ಮಂತ್ರಿಯೊಬ್ಬ 1944ರ ಮಾರ್ಚಿನಲ್ಲಿ ರೇಡಿಯೋದಲ್ಲಿ ಹೇಳಿದ್ದನ್ನು ಕೇಳಿ ಅವಳು ತನ್ನ ಡೈರಿಯನ್ನು ಓದುಗರಿಗಾಗಿ ಮತ್ತೆ ಬರೆಯತೊಡಗಿದಳು. ನಿಮ್ಮ ಟ್ರಂಕಿನಲ್ಲಿ ಅಂಥದ್ದು ಇರುವ ಹಾಗೆ ಕಾಣುವುದಿಲ್ಲ. ಐವತ್ತು ವರ್ಷ ಜೋಪಾನ ಮಾಡಿದ್ದರಲ್ಲ ಎಂದು ಸಂಘದವರು ವಾದಿಸಬಹುದು. ಜೋಪಾನ ಮಾಡುವುದು ಬೇರೆ, ಊರಿಗೆ ಓದಿಸುವುದು ಬೇರೆ. ನಮ್ಮ ಅಮ್ಮಂದಿರು ಮಂಗಳಸೂತ್ರದ ಹಳೇ ದಾರವನ್ನೂ ಎತ್ತಿಡುತ್ತಿದ್ದರು.

ಇನ್ನು ‘ಸತ್ತವರಿಗೆ ಖಾಸಗಿತನ ಇಲ್ಲ’ ಎನ್ನುವ ಮಾತು. ಕೋರ್ಟಿನ ಮಟ್ಟಿಗೆ ಅದು ಬಹುಪಾಲು ನಿಜ. ಜಯಲಲಿತಾ ಜೀವನದ ಸಿನಿಮಾ ಬಗ್ಗೆ ನಡೆದ ಮೊಕದ್ದಮೆಯಲ್ಲಿ ಮದರಾಸು ಹೈಕೋರ್ಟ್ 2021ರಲ್ಲಿ ಹೇಳಿದ್ದೂ ಅದನ್ನೇ: ಖಾಸಗಿತನದ ಹಕ್ಕು ವ್ಯಕ್ತಿಯ ಜೊತೆಗೇ ಮುಗಿಯುತ್ತದೆ, ವಾರಸುದಾರರಿಗೆ ಆಸ್ತಿಯಂತೆ ಇಳಿದು ಬರುವುದಿಲ್ಲ. ಮಾನನಷ್ಟದ ಕಾನೂನಿನಲ್ಲಿ ಮಾತ್ರ ಒಂದು ಕಿಂಡಿ ಇದೆ. ಸತ್ತವರ ಬಗ್ಗೆ, ಅವರ ಮನೆಯವರ ಮನಸ್ಸು ನೋಯಿಸುವ ಉದ್ದೇಶದಿಂದಲೇ ಹೇಳಿದ ಮಾತು ಅಪರಾಧವಾಗಬಹುದು. ಹಿಂದೆ ಐಪಿಸಿಯ 499ರಲ್ಲಿದ್ದ ಆ ವಿವರಣೆ ಈಗ ಭಾರತೀಯ ನ್ಯಾಯ ಸಂಹಿತೆಯ 356ರಲ್ಲಿದೆ. ಇದೆಲ್ಲದರ ತಾತ್ಪರ್ಯ ನಿಮ್ಮ ಮಟ್ಟಿಗೆ ಇಷ್ಟೇ: ಚಿಕ್ಕಮ್ಮನ ಡೈರಿಯಿಂದ ಹೆಚ್ಚು ಪೆಟ್ಟು ತಿನ್ನುವವರು ಚಿಕ್ಕಮ್ಮ ಅಲ್ಲ. ಅದರಲ್ಲಿ ಹೆಸರಿರುವ, ಇನ್ನೂ ಬದುಕಿರುವ ಜನ. ಅವರು ಬರೆಯಲೂ ಇಲ್ಲ, ಬರೆಯಿರೆಂದು ಹೇಳಲೂ ಇಲ್ಲ. ಅವರ ಖಾಸಗಿತನ ಇವತ್ತಿಗೂ ಜೀವಂತ ಹಕ್ಕು.

ನೀವು ಮಾದರಿಗೆಂದು ಕಳಿಸಿದ 1969ರ ಆಗಸ್ಟಿನ ಪುಟವನ್ನೇ ತೆಗೆದುಕೊಳ್ಳೋಣ. ರಾತ್ರಿ ಪಾಳಿಯಲ್ಲಿ ಒಬ್ಬ ಹುಡುಗಿಯನ್ನು ಕರೆತಂದರು. ಹೆಸರಿದೆ, 19 ವರ್ಷ ಎಂದಿದೆ, ಯಾವ ಚಾಳು, ಮಾವನ ಕಿರಾಣಿ ಅಂಗಡಿ ಎಲ್ಲಿ, ಊರು ಯಾವುದು ಎಂದೂ ಇದೆ. ಸೂಲಗಿತ್ತಿ ಕಡ್ಡಿ ಹಾಕಿ ಬಸಿರು ತೆಗೆಯಲು ಹೋಗಿ ನಂಜೇರಿತ್ತು, ಮೂರು ದಿನದ ಜ್ವರ. ಗರ್ಭಪಾತಕ್ಕೆ ಕಾನೂನಿನ ದಾರಿ ತೆರೆದದ್ದು 1971ರ ಕಾಯ್ದೆಯಿಂದ, ಅದು ಜಾರಿಗೆ ಬಂದದ್ದು 1972ರ ಏಪ್ರಿಲ್‌ನಲ್ಲಿ. ಅದಕ್ಕೆ ಮುಂಚೆ, ತಾಯಿಯ ಜೀವ ಉಳಿಸಲು ಬಿಟ್ಟು ಬೇರೆ ಕಾರಣಕ್ಕೆ ಮಾಡಿದರೆ ಮಾಡಿಸಿಕೊಂಡವಳೂ ಅಪರಾಧಿಯೇ. ಚಿಕ್ಕಮ್ಮ ಆ ಪುಟದ ಕೊನೆಗೆ, ರಿಜಿಸ್ಟರಿನಲ್ಲಿ ‘ತಾನಾಗಿ ಆದದ್ದು’ ಎಂದು ಬರೆಸಿದೆವು ಎಂದಿದ್ದಾರೆ. ಅಂದರೆ ಆ ರಾತ್ರಿ ವಾರ್ಡಿನಲ್ಲಿದ್ದವರೆಲ್ಲ ಸೇರಿ ಒಂದು ಹುಡುಗಿಯನ್ನು ಪೊಲೀಸರಿಂದ, ಅವಳ ಅತ್ತೆಮನೆಯಿಂದ ಕಾಪಾಡಿದ್ದರು.

ಆ ಹುಡುಗಿ ಹುಟ್ಟಿದ್ದು 1950ರ ಆಸುಪಾಸು. ಬದುಕಿದ್ದರೆ ಈಗ ಎಪ್ಪತ್ತು ದಾಟಿದ ಅಜ್ಜಿ. ಮೊಮ್ಮಕ್ಕಳು ಸಂಘದ ಕಾರ್ಯಕ್ರಮಕ್ಕೆ ಬರುವವರೇ ಇರಬಹುದು. ಚಿಕ್ಕಮ್ಮನಿಗೆ ಆ ವಿಷಯ ಗೊತ್ತಾದದ್ದು ಚಾಳಿನ ನಲ್ಲಿಯ ಹತ್ತಿರ ಅಲ್ಲ, ನರ್ಸಾಗಿ. ರೋಗಿಯ ಗುಟ್ಟನ್ನು ಕಾಯುವ ಹೊಣೆ ಅವರ ಕೆಲಸದ ಭಾಗವಾಗಿತ್ತು. ಆ ಪುಟವನ್ನು ಹೆಸರು ಸಮೇತ ಅಚ್ಚು ಹಾಕಿದರೆ, ಅಂದು ಅವರು ರಿಜಿಸ್ಟರಿನಲ್ಲಿ ಮುಚ್ಚಿದ್ದನ್ನು ಇಂದು ಅವರ ಕೈಬರಹದಲ್ಲೇ ನೀವು ತೆರೆದಂತೆ. ಇಂಥ ಪುಟಕ್ಕೆ ಗಂಡನ ಮನೆಯವರ ಸಹಿಯಾಗಲಿ, ನಿಮ್ಮ ಒಳ್ಳೆಯ ಉದ್ದೇಶವಾಗಲಿ ಪರವಾನಗಿ ಆಗುವುದಿಲ್ಲ.

ಈಗ ಹೆಸರಿನ ಮಾತಿಗೆ ಬರುತ್ತೇನೆ. ಸುಮಾರು ವರ್ಷಗಳ ಹಿಂದೆ ಒಬ್ಬ ಗಿರಣಿ ಕಾರ್ಮಿಕ ಕುಂದಾಪುರದ ಕಡೆಯ ತನ್ನ ಮನೆಗೆ ಬರೆದ ಪತ್ರಗಳನ್ನು ನಾನು ಸಂಪಾದಿಸಿದೆ. ಮನಿಯಾರ್ಡರ್ ಫಾರ್ಮಿನ ಕೆಳಗಿನ ಆ ಪುಟ್ಟ ಚೀಟಿಯಲ್ಲಿ ಎರಡು ಸಾಲಿನ ಸಮಾಚಾರ ಬರೆಯುತ್ತಿದ್ದರಲ್ಲ, ಅವೂ ಇದ್ದವು. (ಆ ಚೀಟಿಗಳನ್ನು ಊರಲ್ಲಿ ಪೋಸ್ಟ್‌ಮ್ಯಾನ್ ಜಗುಲಿಯ ಮೇಲೆ ನಿಂತು ಗಟ್ಟಿಯಾಗಿ ಓದುತ್ತಿದ್ದ. ‘ಖಾಸಗಿ ಪತ್ರ’ ಎಂಬ ಮಾತನ್ನು ನಮ್ಮ ಕಡೆ ಸ್ವಲ್ಪ ಎಚ್ಚರದಿಂದಲೇ ಬಳಸಬೇಕು.) ಒಂದು ಪತ್ರದಲ್ಲಿ ಪಕ್ಕದ ಖೋಲಿಯ ಹೆಂಗಸು ಮನೆ ಬಿಟ್ಟು ಹೋದ ಸುದ್ದಿ ಇತ್ತು. ನಾನು ಹೆಸರು ತೆಗೆದು ಮೊದಲ ಅಕ್ಷರ ಮಾತ್ರ ಉಳಿಸಿದೆ, ಜಾಣತನ ಮಾಡಿದೆ ಎಂದುಕೊಂಡೆ. ಬಿಡುಗಡೆಯ ದಿನವೇ ಚಹಾದ ಹೊತ್ತಿಗೆ ಒಬ್ಬರು ಪುಸ್ತಕ ತೆರೆದು ಹಿಡಿದು, ‘ಇದು ನಮ್ಮ ಅತ್ತಿಗೆಯ ವಿಷಯ ಅಲ್ಲವೋ?’ ಎಂದು ನಗುತ್ತ ಕೇಳಿದರು. ಅವರ ಅತ್ತಿಗೆಯ ಮಗ ಎರಡು ಕುರ್ಚಿ ಆಚೆ ಕೂತಿದ್ದ. ಆ ಮುಖ ನನಗೆ ಇನ್ನೂ ಮರೆತಿಲ್ಲ.

ಆಗ ತಿಳಿದದ್ದು ಇಷ್ಟು. ಮುಂಬಯಿ ಕನ್ನಡಿಗರ ಲೋಕ ಬಹಳ ಸಣ್ಣದು. ಊರು, ಚಾಳು, ಅಂಗಡಿ ಇವುಗಳಲ್ಲಿ ಎರಡು ಸಿಕ್ಕರೆ ಸಾಕು, ಹೆಸರನ್ನು ಓದುಗರೇ ತುಂಬಿಕೊಳ್ಳುತ್ತಾರೆ. ನಿಮ್ಮ 1969ರ ಪುಟದಲ್ಲಿ ಹೆಸರು ತೆಗೆದು ಮಾವನ ಅಂಗಡಿ ಉಳಿಸಿದರೆ ಏನೂ ತೆಗೆದಂತಲ್ಲ.

ಇನ್ನೊಂದು ತಪ್ಪು ಇದಕ್ಕಿಂತ ಸೂಕ್ಷ್ಮ. ಅನುಭವಿ ಸಂಪಾದಕರೂ ಅದರಲ್ಲಿ ಬೀಳುತ್ತಾರೆ. ಆ ಹುಡುಗಿಗೆ ನೀವು ‘ಸುಮತಿ’ ಎಂದು ಬೇರೆ ಹೆಸರು ಕೊಟ್ಟು, ಶಿಸ್ತಾಗಿ ಪುಸ್ತಕದ ತುಂಬ ಅದೇ ಹೆಸರು ಬಳಸಿದಿರಿ ಎನ್ನಿ. 1974ರ ಒಂದು ಪುಟದಲ್ಲಿ ‘ಸುಮತಿ’ ಚಿಕ್ಕಮ್ಮನನ್ನು ಅರಿಶಿನ ಕುಂಕುಮಕ್ಕೆ ಕರೆಯುತ್ತಾಳೆ, ಅವಳ ಮಾವನ ಅಂಗಡಿಗೆ ಬೆಂಕಿ ಬೀಳುತ್ತದೆ. ಆ ಬೆಂಕಿ ಚಾಳಿನವರಿಗೆಲ್ಲ ನೆನಪಿದೆ. ಒಂದು ಕ್ಷಣದಲ್ಲಿ 1969ರ ಸುಮತಿ ಯಾರೆಂದು ತಿಳಿಯಿತು. ಎಲ್ಲ ಕಡೆ ಒಂದೇ ಮರೆಹೆಸರು ಇಟ್ಟರೆ ಅದೇ ದಾರವಾಗಿ ಪುಟಗಳನ್ನು ಹೊಲಿಯುತ್ತದೆ. ಅದಕ್ಕೇ ನಾನು ಈಗ ಉಲ್ಟಾ ಮಾಡುತ್ತೇನೆ. ಅರಿಶಿನ ಕುಂಕುಮದ ಪುಟದಲ್ಲಿ ನಿಜವಾದ ಹೆಸರೇ ಇರಲಿ, ಅದರಿಂದ ಯಾರಿಗೂ ಕೇಡಿಲ್ಲ. ಆಸ್ಪತ್ರೆಯ ಪುಟದಲ್ಲಿ ಹೆಸರೇ ಬೇಡ, ‘ಒಬ್ಬ ಹುಡುಗಿ’ ಸಾಕು. ವಯಸ್ಸು, ಚಾಳು, ಅಂಗಡಿ, ಊರು, ತಾರೀಕು ಐದೂ ಹೋಗಲಿ. ‘ಆ ವರ್ಷದ ಮಳೆಗಾಲದ ಒಂದು ರಾತ್ರಿ’ ಎಂದು ಉಳಿಯಲಿ. ಅದಕ್ಕಾಗಿ ಆ ಪುಟವನ್ನು ದಿನಚರಿಯ ಸಾಲಿನಿಂದ ಎತ್ತಿ ಬೇರೆ ಅಧ್ಯಾಯದಲ್ಲಿ ಇಡಬೇಕಾಗುತ್ತದೆ, ಇಲ್ಲದಿದ್ದರೆ ಹಿಂದು ಮುಂದಿನ ಪುಟಗಳೇ ತಾರೀಕು ಹೇಳಿಬಿಡುತ್ತವೆ. ಉಳಿಯುವುದು ಚಿಕ್ಕಮ್ಮ ಏನು ಕಂಡರು, ರಿಜಿಸ್ಟರ್ ಬರೆಯುವಾಗ ಕೈ ಹೇಗೆ ನಡುಗಿತು ಎನ್ನುವುದು. ಅದು ಅವರದೇ, ಅದನ್ನು ಕೊಡಬಹುದು. ಮತ್ತೆ, ಗುರುತು ಹತ್ತುತ್ತದೆಯೇ ನೋಡೋಣ ಎಂದು ಆ ಚಾಳಿನ ಹಿರಿಯರೊಬ್ಬರಿಗೆ ಓದಿಸಲು ಹೋಗಬೇಡಿ. ಆ ಪರೀಕ್ಷೆಯೇ ಗುಟ್ಟು ಒಡೆದ ಹಾಗೆ.

ತೆಗೆದದ್ದನ್ನು ತೆಗೆದಿದ್ದೇನೆ ಎಂದು ಹೇಳಿ. [ಇಲ್ಲಿ 7 ಸಾಲು ಬಿಡಲಾಗಿದೆ] ಎಂದು ಚೌಕ ಕಂಸದಲ್ಲಿ ಹಾಕಿದರೆ ಓದುಗರು ಒಪ್ಪಿಕೊಳ್ಳುತ್ತಾರೆ. ಸದ್ದಿಲ್ಲದೆ ಕತ್ತರಿಸಿ ಹೊಲಿದ ಪುಸ್ತಕದಲ್ಲಿ ಚಿಕ್ಕಮ್ಮ ತಾವು ಹೇಳದ ಮಾತನ್ನು ಹೇಳಿದಂತಾಗುತ್ತದೆ. ಮೂಲದ ಮೇಲೆ ಮಾತ್ರ ಯಾವತ್ತೂ ಕಪ್ಪು ಮಾರ್ಕರ್ ಎಳೆಯಬೇಡಿ, ಕಾಗದ ಅಂಟಿಸಬೇಡಿ. ಅದು ಮೂಲವನ್ನು ಕೆಡಿಸುತ್ತದೆ, ಗುಟ್ಟನ್ನೂ ಉಳಿಸುವುದಿಲ್ಲ. ಆ್ಯನ್ ಫ್ರಾಂಕ್ ಕಂದು ಕಾಗದ ಅಂಟಿಸಿ ಮುಚ್ಚಿದ್ದ ಎರಡು ಪುಟಗಳನ್ನು ಹಿಂದಿನಿಂದ ಬೆಳಕು ಬಿಟ್ಟು ಫೋಟೋ ತೆಗೆದು ಓದಿ, 2018ರಲ್ಲಿ ಬಹಿರಂಗ ಮಾಡಿಯೇಬಿಟ್ಟರು. ಕಂಪ್ಯೂಟರಿನಲ್ಲೂ ಇದೇ ಕತೆ. ಪಿಡಿಎಫ್‌ನಲ್ಲಿ ಸಾಲಿನ ಮೇಲೆ ಕಪ್ಪು ಡಬ್ಬಿ ಕೂರಿಸಿದರೆ ಅದರ ಕೆಳಗಿನ ಅಕ್ಷರ ಹಾಗೇ ಇರುತ್ತದೆ, ಯಾರು ಬೇಕಾದರೂ ಕಾಪಿ ಮಾಡಿ ಬೇರೆ ಕಡೆ ಪೇಸ್ಟ್ ಮಾಡಿ ಓದಬಹುದು. ಪ್ರಕಟಣೆಯ ಫೈಲಿನಲ್ಲಿ ಆ ಅಕ್ಷರವೇ ಇರಬಾರದು. ಅಂದರೆ ಎರಡು ಪ್ರತಿ ಬೇಕು: ಏನೂ ಬಿಡದ ಪೂರ್ತಿ ನಕಲು ನಿಮ್ಮ ಬೀರುವಿನಲ್ಲಿ, ಅದರಿಂದ ಆರಿಸಿ ಬೇರೆಯಾಗಿ ಮಾಡಿದ್ದು ಪ್ರೆಸ್ಸಿಗೆ. ಉಳಿದ 11 ಡೈರಿಯನ್ನು ಡಿಟಿಪಿ ಅಂಗಡಿಗೆ ಕೊಡುವ ಯೋಚನೆ ಇದ್ದರೆ ಬಿಡಿ. ಟೈಪ್ ಮಾಡುವ ಹುಡುಗನೂ ಓದುಗನೇ.

ನಕಲು ಮಾಡುವಾಗ ಇನ್ನೊಂದು ಅಪಾಯವಿದೆ, ಅದನ್ನು ಯಾರೂ ನೀತಿಯ ಪ್ರಶ್ನೆ ಎಂದು ನೋಡುವುದಿಲ್ಲ. ಗೆಳತಿಯ ಒಂದು ಇನ್‌ಲ್ಯಾಂಡಿನಲ್ಲಿ ಮಡಿಕೆಯ ಸೀಳು ಅಕ್ಷರ ತಿಂದಿದೆ ಎನ್ನಿ. ‘ಅವರು ಕು... ಬಂದರು’ ಎಂದು ಉಳಿದಿದೆ. ಹಿಂದಿನ ಹತ್ತು ಪತ್ರದಲ್ಲಿ ಗಂಡನ ಕುಡಿತ ಓದಿದ ನಿಮ್ಮ ಕೈ ತಾನಾಗಿ ‘ಕುಡಿದು ಬಂದರು’ ಎಂದು ಟೈಪ್ ಮಾಡುತ್ತದೆ. ಅದು ‘ಕೂಡಿ ಬಂದರು’ ಇದ್ದಿರಬಹುದು, ಕೊಂಬಿನ ಬಾಲ ಸೀಳಿನಲ್ಲಿ ಹೋಗಿರಬಹುದು. ಸತ್ತ ಮನುಷ್ಯ ಎದ್ದು ಬಂದು ಆ ರಾತ್ರಿ ಕುಡಿದಿರಲಿಲ್ಲ ಎಂದು ಹೇಳಲಾರ. ಸಂಶಯವಿದ್ದಲ್ಲಿ [ಅಸ್ಪಷ್ಟ] ಎಂದು ಹಾಕಿ. ಟೈಪ್ ಮಾಡಿದ ಮೂರು ಡೈರಿಗಳನ್ನೂ ಒಮ್ಮೆ ಮೂಲದ ಜೊತೆ ಗಟ್ಟಿಯಾಗಿ ಓದಿ ತಾಳೆ ನೋಡಿ. ಚಿಕ್ಕಮ್ಮನ ತುಳು, ಮರಾಠಿ ಬೆರೆತ ಮಾತನ್ನು ತಿದ್ದಬೇಡಿ. ‘ದವಾಖಾನೆ’ ದವಾಖಾನೆಯಾಗಿಯೇ ಇರಲಿ.

ಇನ್ನು ನಿಮ್ಮ ಅಣ್ಣನ ಬೆಂಕಿ. ನಾನದನ್ನು ಮೂರ್ಖತನ ಎನ್ನುವುದಿಲ್ಲ. ಚಿಕ್ಕಮ್ಮ ನಿಮ್ಮ ಕೈ ಹಿಡಿದು ‘ನಾನು ಹೋದ ಮೇಲೆ ಸುಡು’ ಎಂದಿದ್ದರೆ, ನೀವು ‘ಹೂಂ’ ಅಂದಿದ್ದರೆ, ಸುಡಿ ಎಂದೇ ಹೇಳುತ್ತಿದ್ದೆ. ಇಲ್ಲಿ ಲೇಖಕ ಕಾಫ್ಕಾನ ಉದಾಹರಣೆ ಎತ್ತಿ, ಸುಡು ಎಂದು ಅವನು ಹೇಳಿಹೋದ ಬರಹಗಳನ್ನು ಗೆಳೆಯ ಅಚ್ಚು ಹಾಕಿಸಲಿಲ್ಲವೇ ಎಂದು ವಾದಿಸುವವರು ಬಹಳ ಜನ ಇದ್ದಾರೆ. ಆದರೆ ಸುಡಲು ಹೇಳಿದಾಗ ನಾನು ಸುಡುವುದಿಲ್ಲ ಎಂದು ಮುಖಕ್ಕೇ ಹೇಳಿದ್ದೆ ಎಂದು ಅವನ ಗೆಳೆಯ ಮ್ಯಾಕ್ಸ್ ಬ್ರಾಡ್ ಬರೆದಿದ್ದಾನೆ. ಮಾತು ಕೊಟ್ಟು ತಪ್ಪಿದ ಕತೆ ಅದಲ್ಲ. ನಿಮ್ಮ ಚಿಕ್ಕಮ್ಮ ಹೇಳಿದ್ದು ‘ನಿನ್ನ ಹತ್ತಿರ ಇರಲಿ’ ಎಂದು. ಇರಲಿ ಎಂದರೆ ಇರಬೇಕು.

ಆ ಕಾಫ್ಕಾನ ವಿಷಯದಲ್ಲೇ ನಮಗೆ ಉಪಯೋಗಕ್ಕೆ ಬರುವುದು ಬೇರೊಂದಿದೆ. ಅವನು ತನ್ನ ಪ್ರೇಯಸಿ ಮಿಲೆನಾಗೆ ಬರೆದ ಪತ್ರಗಳು 1952ರಲ್ಲಿ ಅಚ್ಚಾದಾಗ, ಬದುಕಿರುವವರಿಗೆ ನೋವಾಗಬಹುದಾದ ಭಾಗಗಳನ್ನು ಸಂಪಾದಕ ವಿಲ್ಲಿ ಹಾಸ್ ಬಿಟ್ಟಿದ್ದ. ಬಿಟ್ಟದ್ದು ಸೇರಿ ಹೊಸ ಆವೃತ್ತಿ ಬಂದದ್ದು 1983ರಲ್ಲಿ. ಮೂವತ್ತು ವರ್ಷ ಕಾದದ್ದರಿಂದ ಪತ್ರಕ್ಕೇನೂ ಆಗಲಿಲ್ಲ. ನಿಮ್ಮ ಟ್ರಂಕಿಗೂ ನಾನು ಹೇಳುವುದು ಅದೇ. ಮನುಷ್ಯನ ಆಯಸ್ಸು ನೂರು ಎಂದು ಹಿಡಿಯುವುದು ದಾಖಲೆ ಕಾಯುವವರ ರೂಢಿ. ಬ್ರಿಟನ್ನಿನಲ್ಲಿ ಜನಗಣತಿಯ ಮನೆಮನೆಯ ಹಾಳೆಗಳನ್ನು ನೂರು ವರ್ಷ ಮುಚ್ಚಿಡುತ್ತಾರೆ. ಆ ಹುಡುಗಿಯ ಲೆಕ್ಕದಲ್ಲಿ ಅದು 2050. ಆಸ್ಪತ್ರೆಯ ಪುಟಗಳಿರುವ ಡೈರಿಗಳನ್ನು ಆವರೆಗೆ ತೆರೆಯಬಾರದು ಎಂದು ಬರವಣಿಗೆಯ ಷರತ್ತಿನ ಮೇಲೆ ಒಂದು ಸಂಗ್ರಹಕ್ಕೆ ಕೊಡಬಹುದು. ಮುಂಬಯಿಯಲ್ಲೇ ಹೆಂಗಸರ ದಾಖಲೆಗಳಿಗೆಂದು 1988ರಿಂದ ನಡೆಯುತ್ತಿರುವ ‘ಸ್ಪ್ಯಾರೋ’ ಇದೆ, ಕೇಳಿ ನೋಡಿ. ಷರತ್ತು ಪತ್ರದಲ್ಲಿ ವರ್ಷವನ್ನು ಅಂಕಿಯಲ್ಲಿ ಬರೆಸಿ. ‘ಸೂಕ್ತ ಸಮಯದವರೆಗೆ’ ಎಂದು ಬರೆದರೆ ಮುಂದಿನ ಅಧಿಕಾರಿಗೆ ನಾಳೆಯೇ ಸೂಕ್ತ ಅನ್ನಿಸಬಹುದು.

ಗಂಡನ ಮನೆಯ ಪುಟಗಳಿಗೆ ನಾನು ಅಷ್ಟು ಹೆದರುವುದಿಲ್ಲ. ಅದು ಚಿಕ್ಕಮ್ಮನ ಸ್ವಂತ ಬದುಕು. ಅತ್ತೆಗೆ ಮುಜುಗರವಾಗುತ್ತದೆಂದು ಸೊಸೆ ಸತ್ತ ಮೇಲೂ ಬಾಯಿ ಮುಚ್ಚಿಕೊಂಡಿರಬೇಕೇ? ಆದರೆ ಆ ಮನೆಯವರ ಸಹಿ ಬೇಕಲ್ಲ. ಸಹಿ ಕೇಳಲು ಹೋಗುವಾಗ ಖಾಲಿ ಒಪ್ಪಿಗೆ ಪತ್ರ ಒಯ್ಯಬೇಡಿ. ಅವರ ತಂದೆತಾಯಿಯ ಹೆಸರು ಬರುವ ಪುಟಗಳನ್ನೇ ಒಯ್ದು ಓದಲು ಕೊಡಿ, ಎರಡು ವಾರ ಬಿಡಿ. ಓದದೆ ಹಾಕಿದ ಸಹಿ ಪುಸ್ತಕ ಬಂದ ದಿನ ಜಗಳವಾಗುತ್ತದೆ. ಅವರು ಒಪ್ಪದಿದ್ದರೆ ಪುಸ್ತಕ ಈಗ ಬರುವುದಿಲ್ಲ, ಅಷ್ಟೇ. ಸಂಘದವರಿಗೆ ಸ್ಮರಣ ಸಂಚಿಕೆ ತುಂಬಲು ಬೇರೆ ಏನಾದರೂ ಸಿಗುತ್ತದೆ.

ಇದೆಲ್ಲಕ್ಕಿಂತ ಮೊದಲು ಆ ಗೆಳತಿಯ ಊರಿಗೆ ಒಂದು ಫೋನ್ ಮಾಡಿ. ಇನ್‌ಲ್ಯಾಂಡಿನ ಹಿಂಬದಿಯಲ್ಲಿ ಕಳಿಸಿದವರ ವಿಳಾಸ ಇರಲೇಬೇಕು. ಅವರು ಇದ್ದರೆ ಪತ್ರಗಳ ಬಗ್ಗೆ ಯಾರನ್ನೂ ಊಹಿಸಿಕೊಂಡು ಕೂರಬೇಕಾಗಿಲ್ಲ, ಅವರನ್ನೇ ಕೇಳಬಹುದು. ಚಿಕ್ಕಮ್ಮ ಬರೆದ ಉತ್ತರಗಳು ಅವರ ಮನೆಯ ಯಾವುದೋ ಪೆಟ್ಟಿಗೆಯಲ್ಲಿ ಇದ್ದರೂ ಇರಬಹುದು. ಇನ್ನು 1963ರಲ್ಲಿ ಆ ‘ಯಾರೂ’ ಯಾರಾಗಿತ್ತು ಎಂದು ಹೇಳಬಲ್ಲವರು ಈಗ ಅವರೊಬ್ಬರೇ ಇರಬೇಕು.